‘ಈ’ ಕೊನೆಗೆ ಬರುವ ಭಾಷೆ

ವಿಯೆಟ್ನಾಮಿ ಕಲಿಯಲು ಬರುವ ಕನ್ನಡಿಗರಲ್ಲಿ ಬಹುತೇಕರು ಮೊದಲ ವಾರವೇ ಒಂದು ತಪ್ಪು ಮಾಡುತ್ತಾರೆ. ‘ಆವ್’ ಎಂದರೆ ಅಂಗಿ, ‘ನೈ’ ಎಂದರೆ ಈ ಅಂತ ಹೇಳಿಕೊಟ್ಟ ಕೂಡಲೇ ‘ಈ ಅಂಗಿ’ಗೆ ‘ನೈ ಆವ್’ ಎಂದುಬಿಡುತ್ತಾರೆ. ಅಲ್ಲಿನವರು ಮಾತಿನ ಆರಂಭದಲ್ಲಿ ‘ನೈ’ ಅನ್ನುವುದು ಯಾರನ್ನಾದರೂ ಕರೆಯಲು, ನಾವು ‘ಏಯ್, ಇಲ್ಲಿ ಕೇಳು’ ಅನ್ನುವ ಹಾಗೆ. ಹಾಗಾಗಿ ಅಂಗಡಿಯಾಕೆಗೆ ಕೇಳಿಸುವುದು ‘ಏಯ್, ಅಂಗಿ!’ ಎಂದು. ಸರಿಯಾದ ಮಾತು ‘ಆವ್ ನೈ’.

ಬಣ್ಣವೂ ಹೆಸರಿನ ಹಿಂದೆಯೇ ಬರುತ್ತದೆ. ‘ಡೊ’ ಕೆಂಪು, ‘ಆವ್ ಡೊ’ ಕೆಂಪು ಅಂಗಿ. ಹೋಟೆಲಿನ ಪಟ್ಟಿಯಲ್ಲಿ ಕಾಣುವ ‘ಕಾಫೇ ಸುವ ಡಾ’ದಲ್ಲಿ ಮೊದಲು ಕಾಫಿ, ಆಮೇಲೆ ಹಾಲು, ಕೊನೆಗೆ ಐಸ್. ನಮ್ಮ ಕಣ್ಣೀರಿನಲ್ಲಿ ಕಣ್ಣು ಮೊದಲು, ನೀರು ಆಮೇಲೆ. ಅವರ ‘ನುವಕ್ ಮತ್’ನಲ್ಲಿ ನೀರು ಮೊದಲು, ಕಣ್ಣು ಆಮೇಲೆ. ಇಷ್ಟು ಕೇಳಿದವರು ‘ಎಲ್ಲಾ ಉಲ್ಟಾ ಅಷ್ಟೇ ತಾನೆ ಸರ್’ ಎನ್ನುತ್ತಾರೆ. ಅಷ್ಟೇ ಅಲ್ಲ. ಏಕೆ ಅಂತ ಹೇಳಲು ಅಂಗಿಯನ್ನೇ ಇನ್ನಷ್ಟು ಹೊತ್ತು ಕೈಯಲ್ಲಿಟ್ಟುಕೊಳ್ಳೋಣ.

ಕನ್ನಡದಲ್ಲಿ ‘ಈ ಕೆಂಪು ಅಂಗಿ’ ಅಂದರೆ ಮಾತು ಮುಗಿದಿಲ್ಲ, ಕೇಳುವವರು ‘ಏನಾಯ್ತು?’ ಎಂದು ಕಾಯುತ್ತಾರೆ. ‘ಈ ಅಂಗಿ ಕೆಂಪು’ ಅಂದರೆ ಮುಗಿಯಿತು. ನಡುವೆ ‘ಆಗಿದೆ’ ಬೇಕಿಲ್ಲ. ವಿಯೆಟ್ನಾಮಿಯಲ್ಲೂ ಬೇಕಿಲ್ಲ. ಇಂಗ್ಲಿಷ್ ಮೂಲಕ ಕಲಿಯುವವರು ಇಲ್ಲಿ ಒಂದು ಕ್ರಿಯಾಪದ ಹುಡುಕಿ ತುರುಕುತ್ತಾರೆ, ನಮಗೆ ಆ ಕಾಟವಿಲ್ಲ. ಆದರೆ ‘ಆವ್ ಡೊ’ ಎಂಬ ಎರಡೇ ಪದ ಕೇಳಿದರೆ ಅದು ‘ಕೆಂಪು ಅಂಗಿ’ಯೋ, ‘ಅಂಗಿ ಕೆಂಪು’ ಎಂಬ ಹೇಳಿಕೆಯೋ? ಬಣ್ಣ ಎರಡರಲ್ಲೂ ಹಿಂದೆಯೇ ಇರುವುದರಿಂದ ಪದಗಳನ್ನಷ್ಟೇ ನೋಡಿ ಹೇಳಲಾಗದು. ಅದನ್ನು ತೀರ್ಮಾನಿಸುವುದು ‘ನೈ’ ನಿಂತ ಜಾಗ.

‘ಆವ್ ಡೊ ನೈ’ ಅಂದರೆ ಈ ಕೆಂಪು ಅಂಗಿ. ‘ಆವ್ ನೈ ಡೊ’ ಅಂದರೆ ಈ ಅಂಗಿ ಕೆಂಪು. ‘ನೈ’ ಬಾಗಿಲಿನ ಚಿಲಕವಿದ್ದ ಹಾಗೆ. ಚಿಲಕ ಹಾಕುವ ಮೊದಲು ಬಂದದ್ದು ಒಳಗಿನ ವರ್ಣನೆ, ಹಾಕಿದ ಮೇಲೆ ಬಂದದ್ದು ಆ ಅಂಗಿಯ ಬಗ್ಗೆ ನೀವು ಹೇಳುತ್ತಿರುವ ಸಂಗತಿ. ‘ಆವ್ ಡೊ ನೈ ಡೆಪ್’ ಎಂದು ಒಂದು ಪದ ಸೇರಿಸಿ ನೋಡಿ. ‘ಡೆಪ್’ ಅಂದರೆ ಚೆಂದ. ಕೆಂಪು ಒಳಗುಳಿಯಿತು, ಚೆಂದ ಹೊರಗೆ ಬಂತು. ಅರ್ಥ, ಈ ಕೆಂಪು ಅಂಗಿ ಚೆನ್ನಾಗಿದೆ.

ಚಿಲಕದ ನಿಜವಾದ ಬೆಲೆ ತಿಳಿಯುವುದು ವರ್ಣನೆ ಉದ್ದವಾದಾಗ. ‘ನಾನು ನಿನ್ನೆ ಕೊಂಡ ಅಂಗಿ’ ಮತ್ತು ‘ಅಂಗಿ ನಾನು ನಿನ್ನೆ ಕೊಂಡೆ’ ಇವೆರಡನ್ನು ನಾವು ಬೇರೆ ಮಾಡುವುದು ‘ಕೊಂಡ’, ‘ಕೊಂಡೆ’ ಎಂಬ ಬಾಲದಿಂದ. ವಿಯೆಟ್ನಾಮಿ ಕ್ರಿಯಾಪದಕ್ಕೆ ಬಾಲವೇ ಇಲ್ಲ. ಕೊಂಡೆ, ಕೊಂಡ, ಕೊಳ್ಳು, ಎಲ್ಲದಕ್ಕೂ ಒಂದೇ ‘ಮುವ’. ತೋಯ್ ಅಂದರೆ ನಾನು, ಹೋಮ್ ಕ್ವಾ ಅಂದರೆ ನಿನ್ನೆ. ‘ಆವ್ ನೈ ತೋಯ್ ಮುವ ಹೋಮ್ ಕ್ವಾ’ ಅಂದರೆ ಈ ಅಂಗಿ ನಾನು ನಿನ್ನೆ ಕೊಂಡೆ, ಅಲ್ಲಿಗೆ ವಾಕ್ಯ ಮುಗಿಯಿತು. ‘ಆವ್ ತೋಯ್ ಮುವ ಹೋಮ್ ಕ್ವಾ ನೈ’ ಅಂದರೆ ನಾನು ನಿನ್ನೆ ಕೊಂಡ ಈ ಅಂಗಿ, ಮಾತು ಇನ್ನೂ ಬಾಕಿಯಿದೆ. ನಮ್ಮಲ್ಲಿ ಒಂದು ಸ್ವರ ಮಾಡುವ ಕೆಲಸವನ್ನು ಅಲ್ಲಿ ‘ನೈ’ ಜಾಗ ಬದಲಿಸಿ ಮಾಡುತ್ತದೆ. ಕನ್ನಡದ ಕಿವಿ ಕ್ರಿಯಾಪದ ಕೇಳಿದೊಡನೆ ವಾಕ್ಯ ಮುಗಿಯಿತು ಎಂದುಕೊಳ್ಳುತ್ತದೆ. ಅಲ್ಲಿ ಹಾಗೆ ಸಡಿಲಬಿಟ್ಟರೆ ಹಿಂದೆ ಬರುವ ಚಿಲಕದ ಸದ್ದು ತಪ್ಪಿಹೋಗುತ್ತದೆ. ಕೇಳಿ ಅರ್ಥ ಮಾಡಿಕೊಳ್ಳುವ ಪಾಠದಲ್ಲಿ ನನ್ನ ವಿದ್ಯಾರ್ಥಿಗಳು ಅತಿ ಹೆಚ್ಚು ಎಡವುವುದು ಇಲ್ಲೇ. ಮಾತಾಡುವಾಗ ಹೇಗೋ ಸರಿಮಾಡಿಕೊಳ್ಳುತ್ತಾರೆ.

ಇನ್ನು ‘ಎಲ್ಲಾ ಉಲ್ಟಾ’ ಎಂಬ ಸೂತ್ರ ಕೈಕೊಡುವ ಜಾಗ. ಎಣಿಕೆ ಮಾತ್ರ ನಮ್ಮ ಹಾಗೆಯೇ ಮುಂದೆ ಬರುತ್ತದೆ. ‘ಈ ಎರಡು ಕೆಂಪು ಅಂಗಿ’ ಅನ್ನಲು ‘ಹಾಯ್ ಕಾಯ್ ಆವ್ ಡೊ ನೈ’ ಎನ್ನಬೇಕು. ಹಾಯ್ ಅಂದರೆ ಎರಡು. ಕಾಯ್ ಎಂಬುದು ವಸ್ತುಗಳನ್ನು ಎಣಿಸುವಾಗ ಸಂಖ್ಯೆಗೂ ಹೆಸರಿಗೂ ನಡುವೆ ಬರುವ ಪದ, ನಾವು ‘ಎರಡು ಜನ ಹುಡುಗರು’ ಎನ್ನುವಾಗ ನಡುವೆ ‘ಜನ’ ಹಾಕುವಂತೆ. ಪ್ರಾಣಿಗಳಾದರೆ ಆ ಜಾಗದಲ್ಲಿ ‘ಕೊನ್’ ಬರುತ್ತದೆ. ಅಂದರೆ ಎಷ್ಟು ಎಂಬುದು ಮುಂದೆ, ಎಂಥದು ಮತ್ತು ಯಾವುದು ಎಂಬುದು ಹಿಂದೆ.

ಸಂಖ್ಯೆಯನ್ನೇ ಹಿಂದಕ್ಕೆ ತಳ್ಳಿದರೆ? ಆಗ ಅದು ಎಣಿಕೆಯಾಗಿ ಉಳಿಯುವುದಿಲ್ಲ, ಎಷ್ಟನೆಯದು ಎಂದು ಗುರುತಿಸುವ ಪದವಾಗುತ್ತದೆ. ನನ್ನ ವಿದ್ಯಾರ್ಥಿಯೊಬ್ಬ ಕೆಲಸದ ಮೇಲೆ ಹೋ ಚಿ ಮಿನ್ ನಗರಕ್ಕೆ ಹೋಗಿದ್ದ. ಮೂರು ತಿಂಗಳಿಗೆ ಒಂದು ಕೋಣೆ ಬೇಕಿತ್ತು. ಬಾ ಅಂದರೆ ಮೂರು, ಥಾಂಗ್ ಅಂದರೆ ತಿಂಗಳು. ಉಲ್ಟಾ ಸೂತ್ರವನ್ನು ಭಕ್ತಿಯಿಂದ ಪಾಲಿಸಿ ‘ಥಾಂಗ್ ಬಾ’ ಎಂದ. ಮನೆಯಾಕೆ ತಲೆಯಾಡಿಸಿ ಮಾರ್ಚಿಗೆ ಬನ್ನಿ ಎಂದಳು. ಅವನು ಕೇಳಿದ್ದು ಅಕ್ಟೋಬರಿನಲ್ಲಿ! ‘ಬಾ ಥಾಂಗ್’ ಅಂದರೆ ಮೂರು ತಿಂಗಳು, ‘ಥಾಂಗ್ ಬಾ’ ಅಂದರೆ ಮೂರನೆಯ ತಿಂಗಳು, ಅಂದರೆ ಮಾರ್ಚ್. ಮಹಡಿಗಳದ್ದೂ ಇದೇ ಕತೆ. ತಂಗ್ ಎಂದರೆ ಅಂತಸ್ತು. ‘ಹಾಯ್ ತಂಗ್’ ಎರಡು ಅಂತಸ್ತು, ‘ತಂಗ್ ಹಾಯ್’ ಎರಡನೆಯ ಅಂತಸ್ತು. ನಮ್ಮ ‘-ನೆಯ’ ಪ್ರತ್ಯಯದ ಕೆಲಸವನ್ನು ಇಲ್ಲಿಯೂ ಜಾಗವೇ ಮಾಡುತ್ತದೆ. ತಪ್ಪು ನನ್ನದೂ ಹೌದು. ಉಲ್ಟಾ ಎಂಬ ಪದವನ್ನು ತರಗತಿಯಲ್ಲಿ ಮೊದಲು ಬಳಸಿದವನು ನಾನೇ, ಆಮೇಲೆ ಬಿಟ್ಟೆ.

ಒಂದು ಅಪವಾದವನ್ನೂ ಹೇಳಿಬಿಡುತ್ತೇನೆ. ಚೀನೀ ಮೂಲದಿಂದ ಇಡಿಯಾಗಿ ಬಂದ ಸಮಾಸಗಳಲ್ಲಿ ವಿಶೇಷಣ ನಮ್ಮಂತೆ ಮುಂದೆ ಇರುತ್ತದೆ. ಹನೋಯ್ ಪಕ್ಕ ಹರಿಯುವ ಕೆಂಪು ನದಿಗೆ ದಿನಬಳಕೆಯಲ್ಲಿ ‘ಸೋಂಗ್ ಹೋಂಗ್’ ಎನ್ನುತ್ತಾರೆ, ನದಿ ಮೊದಲು. ಅದೇ ನದಿಯ ಇನ್ನೊಂದು ಹೆಸರು ‘ಹೋಂಗ್ ಹಾ’, ಕೆಂಪು ಮೊದಲು. ಇಂಥವನ್ನು ಬಿಡಿಸಲು ಹೋಗದೆ ಇಡೀ ಪದವಾಗಿ ಬಾಯಿಪಾಠ ಮಾಡಿದರೆ ಸಾಕು.

ಬಾಯಿಪಾಠಕ್ಕೆ ಬಗ್ಗದ್ದು ಇನ್ನೊಂದಿದೆ. ‘ಆ’ ಎನ್ನಲು ಅವರು ಬಳಸುವ ಪದಗಳಲ್ಲಿ ಒಂದು ‘ಡೊ’. ಕೆಂಪೂ ‘ಡೊ’ ತಾನೆ? ಕನ್ನಡ ಲಿಪಿಯಲ್ಲಿ ಎರಡೂ ಒಂದೇ, ವ್ಯತ್ಯಾಸ ಇರುವುದು ದನಿಯ ಏರಿಳಿತದಲ್ಲಿ. ಕೆಂಪು ಅನ್ನುವಾಗ ದನಿ ಕೆಳಗಿಳಿಯುತ್ತದೆ, ಹಲವರ ಬಾಯಲ್ಲಿ ಇಳಿದು ಮತ್ತೆ ಏರುತ್ತದೆ. ‘ಆ’ ಅನ್ನುವಾಗ ನೇರ ಮೇಲಕ್ಕೇರುತ್ತದೆ. ಕನ್ನಡದಲ್ಲಾಗಿದ್ದರೆ ‘ಆ ಅಂಗಿ’, ‘ಕೆಂಪು ಅಂಗಿ’ ಒಂದನ್ನೊಂದು ಹೋಲುವ ಪ್ರಶ್ನೆಯೇ ಇರಲಿಲ್ಲ. ಅಲ್ಲಿ ಎರಡೂ ಪದ ಬಂದು ಕೂರುವುದು ಹೆಸರಿನ ಹಿಂದಿನ ಅದೇ ಕುರ್ಚಿಯಲ್ಲಿ, ಜಾಗ ನೋಡಿ ಊಹಿಸುವಂತಿಲ್ಲ. ಆ ಕೆಂಪು ಅಂಗಿ ಎನ್ನಬೇಕಾದರೆ ‘ಆವ್ ಡೊ ಡೊ’, ಮೊದಲನೆಯದು ಇಳಿಯಬೇಕು, ಎರಡನೆಯದು ಏರಬೇಕು. ಎರಡನ್ನೂ ಏರಿಸಿದರೆ ಕೆಂಪು ಹೋಗಿ ಬರಿಯ ‘ಆ’ ಎರಡು ಸಲ ಉಳಿಯುತ್ತದೆ, ಅಂಗಡಿಯಾಕೆ ಯಾವ ಅಂಗಿ ಎಂದು ಮತ್ತೆ ಕೇಳುತ್ತಾಳೆ.