ಅನುವಾದಿಸಿದ್ದನ್ನು ಕತ್ತರಿಸಿದರೆ ಸಾರಾಂಶವಾಗದು

ಮುಂಬೈಯ ಕನ್ನಡ ಸಂಘಗಳ ಮಾಸಪತ್ರಿಕೆಗಳಿಗೆ ಮರಾಠಿ ಲೇಖನಗಳ ಸಾರಾಂಶ ಬರೆದುಕೊಡುವವರು ಸಾಮಾನ್ಯವಾಗಿ ಒಂದೇ ದಾರಿ ಹಿಡಿಯುತ್ತಾರೆ. ಲೇಖನವನ್ನು ಸಾಲುಸಾಲಾಗಿ ಕನ್ನಡಕ್ಕೆ ತಂದು, ನೂರು ಪದ ಉಳಿಯುವ ತನಕ ಕತ್ತರಿಸುತ್ತಾರೆ. ಅದನ್ನು ತಿದ್ದಲು ನನಗೆ ಕಳುಹಿಸುತ್ತಾರೆ. ಎಷ್ಟು ಸಲ ಹೇಳಿದರೂ ಈ ಅಭ್ಯಾಸ ಹೋಗುವುದಿಲ್ಲ.

ಇತ್ತೀಚೆಗೆ ಮಾಟುಂಗಾದ ಹಿರಿಯರೊಬ್ಬರು ಹಾಗೆ ಮಾಡಿದ ಸಾರಾಂಶ ತಂದರು. ಸಂಘಕ್ಕಾಗಿ ನಿವೃತ್ತಿಯ ದಿನಗಳನ್ನೆಲ್ಲ ಕೊಟ್ಟವರು, ಅವರ ಮೇಲೆ ನನಗೆ ಬಹಳ ಗೌರವ. ಮೂಲ ಲೇಖನ ವರಳಿಯ ಬಿಡಿಡಿ ಚಾಳುಗಳ ಪುನರ್ನಿರ್ಮಾಣದ ಬಗ್ಗೆ. 160 ಚದರಡಿಯ ಖೋಲಿಗಳಲ್ಲಿದ್ದವರಿಗೆ 500 ಚದರಡಿಯ ಮನೆ ಕೊಡುವ, ರಾಜ್ಯದ ಗೃಹನಿರ್ಮಾಣ ಪ್ರಾಧಿಕಾರ ಮ್ಹಾಡಾದ ಯೋಜನೆ ಅದು. ವಿಳಂಬದಿಂದ ಬೇಸತ್ತ ಲೇಖಕರು ಒಂದು ಕಡೆ ‘ರಹಿವಾಶಾಂಚ್ಯಾ ತೋಂಡಾಲಾ ಪಾನೆ ಪುಸಲೀ’ ಎಂದು ಬರೆದಿದ್ದರು. ಅಕ್ಷರಶಃ ಹೇಳುವುದಾದರೆ, ನಿವಾಸಿಗಳ ಬಾಯಿಗೆ ಎಲೆ ಒರೆಸಿದರು. ಆಸೆ ತೋರಿಸಿ ಕೈಗೆ ಏನೂ ಕೊಡಲಿಲ್ಲ ಎಂಬುದು ಅದರ ಅರ್ಥ.

ಎಲೆಯನ್ನು ಕನ್ನಡಕ್ಕೆ ತರಬಾರದೆಂಬುದು ಹಿರಿಯರಿಗೆ ಗೊತ್ತಿತ್ತು. ಅವರು ಬರೆದದ್ದು: ‘ಮ್ಹಾಡಾ ನಿವಾಸಿಗಳಿಗೆ ಮೋಸ ಮಾಡಿದೆ.’ ಶಬ್ದಕೋಶ ತೆರೆದು ನೋಡಿದರೆ ತಪ್ಪಿಲ್ಲ. ಆದರೆ ಓದುಗರ ಮುಂದೆ ನಿಂತಿರುವುದು ಬೇರೆಯೇ ಮಾತು. ನುಡಿಗಟ್ಟು ಓದಿದೊಡನೆ ಇದು ಬರೆದವರ ಸಿಟ್ಟು ಎಂದು ಮರಾಠಿ ಓದುಗರಿಗೆ ತಿಳಿಯುತ್ತದೆ. ಅದನ್ನು ಸಾದಾ ಮಾತಿಗೆ ಇಳಿಸಿದಾಗ ಸಿಟ್ಟು ಮಾಯವಾಗಿ, ಆರೋಪವೊಂದು ಸಾಬೀತಾದ ಸಂಗತಿಯ ವೇಷ ತೊಡುತ್ತದೆ. ಅದೂ ಒಂದು ಸರಕಾರಿ ಪ್ರಾಧಿಕಾರದ ಮೇಲೆ, ಸಂಘದ ಪತ್ರಿಕೆಯ ಹೆಸರಿನಲ್ಲಿ.

ದಯವಿಟ್ಟು ಇದೊಂದನ್ನು ನೆನಪಿಡಿ: ನುಡಿಗಟ್ಟನ್ನು ಬಿಡಿಸಿದಲ್ಲೆಲ್ಲ ಅದು ಯಾರ ಮಾತು ಎಂಬುದನ್ನು ಸೇರಿಸಬೇಕು. ‘ಭರವಸೆಯ ಹೊರತು ನಿವಾಸಿಗಳಿಗೆ ಏನೂ ದೊರೆತಿಲ್ಲ ಎಂದು ಲೇಖಕರು ದೂರುತ್ತಾರೆ.’ ಕೆಲವು ಪದ ಹೆಚ್ಚಾದವು, ಆಗಲಿ. ಆ ಮಾತು ಲೇಖಕರದೋ, ಅವರು ಉಲ್ಲೇಖಿಸಿದ ಮುಖಂಡರದೋ ಎಂದು ಮೂಲಕ್ಕೆ ಮರಳಿ ನೋಡಿ. ಕನ್ನಡದ ಸಮಾನ ನುಡಿಗಟ್ಟು ಹಾಕಬಹುದಲ್ಲವೇ ಎಂದು ಕೇಳುತ್ತೀರಿ. ‘ಮೂಗಿಗೆ ತುಪ್ಪ ಸವರಿದರು’ ಎನ್ನಬಹುದು. ಆದರೆ ದೊಡ್ಡ ಲೇಖನದಲ್ಲಿ ಸಹಜವಾಗಿ ಕೂರುವ ನುಡಿಗಟ್ಟು ನೂರು ಪದಗಳ ಸಾರಾಂಶದಲ್ಲಿ ಉಳಿದೆಲ್ಲವನ್ನೂ ಮೀರಿ ಕೂಗುತ್ತದೆ. ಲೇಖನದ ವಾದವೇ ಆ ನುಡಿಗಟ್ಟಿನ ಮೇಲೆ ನಿಂತಿದ್ದರೆ ಮಾತ್ರ ನಾನು ಉಳಿಸುತ್ತೇನೆ. ‘ಘೋಡೆ ಪೇಂಡ್ ಖಾತೇ’ ಎಂಬಂಥದಕ್ಕೆ ಕುದುರೆಯೂ ಬೇಡ, ಹಿಂಡಿಯೂ ಬೇಡ. ‘ತೊಡಕಿರುವುದು ಇಲ್ಲಿ’ ಎಂದರೆ ಸಾಕು.

ಕತ್ತರಿಯಿಂದ ಇನ್ನೊಂದು ಹಾನಿಯೂ ಇದೆ. ಹೆಸರಿನ ಪರಿಚಯ ಸಾಮಾನ್ಯವಾಗಿ ಲೇಖನದ ಆರಂಭದಲ್ಲಿರುತ್ತದೆ, ಆ ಭಾಗವೇ ಮೊದಲು ಹೋಗುತ್ತದೆ. ಮೇಲಿನ ಸಾರಾಂಶದಲ್ಲಿ ‘ಮಂತ್ರಾಲಯದಲ್ಲಿ ಸಭೆ ನಡೆಯಿತು’ ಎಂದಿತ್ತು. ಮುಂಬೈಯವರಿಗೆ ಅದು ಸರಕಾರದ ಆಡಳಿತ ಕಚೇರಿ. ಅದೇ ಪತ್ರಿಕೆ ತಲುಪುವ ಹುಬ್ಬಳ್ಳಿಯ ಓದುಗರಿಗೆ ರಾಘವೇಂದ್ರ ಸ್ವಾಮಿಗಳ ಬೃಂದಾವನ. ಮುಂದಿನ ಸಾಲಿನಲ್ಲಿ ‘ವರ್ಷಾ’ ಎಂಬ ಹೆಸರು. ಅದು ಮಲಬಾರ್ ಹಿಲ್‌ನಲ್ಲಿರುವ ಮುಖ್ಯಮಂತ್ರಿಗಳ ಅಧಿಕೃತ ನಿವಾಸ. ‘ರಾಜ್ಯ ಸಚಿವಾಲಯ’, ‘ಮುಖ್ಯಮಂತ್ರಿಗಳ ನಿವಾಸ’ ಎಂದು ಬರೆದರೆ ಹೆಸರೇ ಬೇಕಿಲ್ಲ. ಮ್ಹಾಡಾದಂಥ ಹೆಸರು ಬಿಡಲಾಗದು. ಮೊದಲ ಸಲ ಬಂದಾಗ ‘ರಾಜ್ಯದ ಗೃಹನಿರ್ಮಾಣ ಪ್ರಾಧಿಕಾರ ಮ್ಹಾಡಾ’ ಎನ್ನಿ.

ಊರುಗಳ ಹೆಸರಿನಲ್ಲಿ ಮರಾಠಿಯ ವಿಭಕ್ತಿ ಮೋಸಗೊಳಿಸುತ್ತದೆ. ಠಾಣೆ ಎಂಬುದು ‘ಠಾಣ್ಯಾತ್’, ಧುಳೆ ಎಂಬುದು ‘ಧುಳ್ಯಾತ್’ ಆಗುತ್ತದೆ. ಅದನ್ನು ನೋಡಿ ‘ಠಾಣ್ಯಾದಲ್ಲಿ’ ಎಂದು ಬರೆಯುವವರಿದ್ದಾರೆ. ಗೋಖಲೆಯವರೂ ಹೀಗೆಯೇ ‘ಗೋಖಲ್ಯ’ ಆಗುತ್ತಾರೆ. ಪ್ರತ್ಯಯ ಕಳಚಿ ಮೂಲ ರೂಪಕ್ಕೆ ಬನ್ನಿ. ಕನ್ನಡದಲ್ಲಿ ರೂಢಿಯ ಹೆಸರಿದ್ದರೆ ಅದೇ ಸರಿ: ಸೊಲ್ಲಾಪುರ, ಕೊಲ್ಲಾಪುರ, ತಿಲಕರು. ಇಲ್ಲದಿದ್ದರೆ ದೇವನಾಗರಿಯ ಅಕ್ಷರ ನೋಡಿ ಬರೆಯಿರಿ. ಇಂಗ್ಲಿಷ್ ಕಾಗುಣಿತದಿಂದ ಬಂದರೆ ಠಾಣೆ ಥಾನೆಯಾಗುತ್ತದೆ, ಧುಳೆ ಧುಲೆಯಾಗುತ್ತದೆ; ನಮ್ಮಲ್ಲಿಯೂ ಮರಾಠಿಯಲ್ಲಿಯೂ ಇರುವ ಳಕಾರ ನಡುದಾರಿಯಲ್ಲಿ ಕಳೆದುಹೋಗುತ್ತದೆ.

ಹಾಗಾದರೆ ಕ್ರಮವೇನು? ನಾನು ಲೇಖನವನ್ನು ಎರಡು ಸಲ ಓದುತ್ತೇನೆ. ಎರಡನೆಯ ಸಲ ಹೆಸರು, ಅಂಕಿಗಳನ್ನು ಮಾತ್ರ ಮೂಲದಲ್ಲಿದ್ದಂತೆಯೇ ಬೇರೆ ಹಾಳೆಯಲ್ಲಿ ಬರೆದಿಡುತ್ತೇನೆ. ನಂತರ ಲೇಖನ ಮಡಚಿ, ಲೇಖಕರು ಹೇಳಿದ್ದೇನು ಎಂಬುದನ್ನು ಕನ್ನಡದಲ್ಲೇ ಒಂದು ವಾಕ್ಯದಲ್ಲಿ ಬರೆಯುತ್ತೇನೆ. ವಾಕ್ಯ ಬಾರದಿದ್ದರೆ ಮತ್ತೆ ಓದಬೇಕು. ಬಂದರೆ ಅದರ ಸುತ್ತ ಆಧಾರಗಳು ಬೆಳೆಯುತ್ತವೆ, ಕತ್ತರಿಸುವ ಪ್ರಮೇಯ ಹೆಚ್ಚು ಇರುವುದಿಲ್ಲ. ಕೊನೆಗೆ ಮೂಲವನ್ನು ಬಿಚ್ಚಿ ಹೋಲಿಸುತ್ತೇನೆ.

ತಿದ್ದಲು ಕಳುಹಿಸುವವರು ಇನ್ನು ಮುಂದೆ ಮರಾಠಿ ಲೇಖನದ ಪ್ರತಿಯನ್ನೂ ಜೊತೆಗಿಡಿ. ಸಾರಾಂಶವೊಂದನ್ನೇ ನೋಡಿದರೆ ಅದರಲ್ಲಿರುವ ಸಿಟ್ಟು ಯಾರದೆಂದು ನಾನು ಹೇಳಲಾರೆ.