ದರ ಇಳಿಸಿದವನಿಗೆ ಒಂದೇ ದಿನದ ಲಾಭ

2024ರ ಜುಲೈ ಮೊದಲ ವಾರ. ಉಡುಪಿ ಸರ್ವಿಸ್ ಬಸ್ ನಿಲ್ದಾಣದ ಹತ್ತಿರದ ಮೊಬೈಲ್ ಅಂಗಡಿಗೆ ರೀಚಾರ್ಜ್ ಮಾಡಿಸಲು ಹೋಗಿದ್ದೆ. ಹೊರಗೆ ಜೋರು ಮಳೆ. ನನ್ನ ಮುಂದೆ ನಿಂತಿದ್ದ ಹೆಂಗಸೊಬ್ಬರು, "ರೇಟ್ ಜಾಸ್ತಿ ಆಯ್ತಲ್ಲ, ಬೇರೆ ಕಂಪನಿಗೆ ಹೋಗ್ಲಾ?" ಎಂದು ಕೇಳಿದರು. "ಎಲ್ಲಿ ಹೋದ್ರೂ ಅಷ್ಟೇ ಮಾರಾಯ್ರೆ, ಮೂರೂ ಏರಿಸಿದ್ದಾರೆ" ಎಂದರು ಅಂಗಡಿಯವರು. "ಹಾಗಾದ್ರೆ ಒಳಗಿಂದೊಳಗೆ ಮಾತಾಡಿಕೊಂಡಿದ್ದಾರಾ?"

ಒಳ್ಳೆಯ ಪ್ರಶ್ನೆ. ಆ ಏರಿಕೆ ನಡೆದದ್ದು ಹೀಗೆ. ಜೂನ್ 27ಕ್ಕೆ ಜಿಯೋ ಹೊಸ ದರ ಪ್ರಕಟಿಸಿತು. ಮಾರನೇ ದಿನವೇ ಏರ್‌ಟೆಲ್ ಮತ್ತು ವೊಡಾಫೋನ್ ಐಡಿಯಾ ಕೂಡ ಪ್ರಕಟಿಸಿದವು. ಜುಲೈ 3 ಮತ್ತು 4ರಂದು ಎಲ್ಲವೂ ಜಾರಿಗೆ ಬಂದವು. ಜಿಯೋದ 239 ರೂಪಾಯಿಯ ಪ್ಲಾನ್ 299 ಆಯಿತು. ಒಬ್ಬರು ಏರಿಸಿದಾಗ ಉಳಿದಿಬ್ಬರು ಹಳೇ ದರದಲ್ಲೇ ನಿಂತು ಗಿರಾಕಿಗಳನ್ನು ಸೆಳೆಯಬಹುದಿತ್ತು, ಅಲ್ವಾ? ಯಾಕೆ ಸೆಳೆಯಲಿಲ್ಲ?

ಬೆರಳೆಣಿಕೆಯ ದೊಡ್ಡ ಕಂಪನಿಗಳೇ ಆಳುವ ಇಂಥ ಮಾರುಕಟ್ಟೆಗೆ ಅರ್ಥಶಾಸ್ತ್ರದಲ್ಲಿ ಒಲಿಗಾಪಲಿ ಎನ್ನುತ್ತಾರೆ. ಲೆಕ್ಕಕ್ಕೆ ಒಂದು ಸಣ್ಣ ಊರು ತೆಗೆದುಕೊಳ್ಳೋಣ. ಮೂರು ಕಂಪನಿಗಳು, ತಲಾ 30 ಗಿರಾಕಿಗಳು. ತಿಂಗಳ ದರ 300 ರೂಪಾಯಿ, ಒಬ್ಬ ಗಿರಾಕಿಗೆ ತಗಲುವ ಖರ್ಚು 100. ಅಂದರೆ ಒಂದೊಂದು ಕಂಪನಿಗೂ ತಿಂಗಳಿಗೆ 6,000 ರೂಪಾಯಿ ಲಾಭ.

ಈಗ ಒಬ್ಬರು ದರವನ್ನು 250ಕ್ಕೆ ಇಳಿಸುತ್ತಾರೆ. ಉಳಿದವರು ಏರಿಸಿದಾಗ ಹಳೇ ದರದಲ್ಲೇ ನಿಲ್ಲುವುದೂ ಇಳಿಸಿದಂತೆಯೇ. ಉಳಿದಿಬ್ಬರ ಅರ್ಧದಷ್ಟು ಗಿರಾಕಿಗಳು ಇತ್ತ ಬಂದರು ಎಂದುಕೊಳ್ಳಿ. ಒಟ್ಟು 60 ಜನ, ತಲಾ 150 ಲಾಭ. ತಿಂಗಳಿಗೆ 9,000! ಆದರೆ ಎದುರಾಳಿಗಳು ಸುಮ್ನೆ ಕೂರುವುದಿಲ್ಲ. ಅವರೂ 250ಕ್ಕೆ ಇಳಿದ ಕೂಡಲೇ ಗಿರಾಕಿಗಳು ವಾಪಸ್ ಹಂಚಿಹೋಗುತ್ತಾರೆ. ಆಗ ಎಲ್ಲರಿಗೂ 4,500 ಮಾತ್ರ.

ಹಾಗಾದರೆ ಮೊದಲು ಇಳಿಸಿದವರಿಗೆ ಸಿಕ್ಕಿದ್ದೆಷ್ಟು? ಅದು ಎದುರಾಳಿಗಳು ಎಷ್ಟು ಬೇಗ ಇಳಿಸುತ್ತಾರೆ ಎನ್ನುವುದರ ಮೇಲೆ ನಿಂತಿದೆ. ಒಂದು ತಿಂಗಳು ತಡ ಮಾಡಿದರೆ 3,000 ರೂಪಾಯಿ ಹೆಚ್ಚುವರಿ ಲಾಭ. ಒಂದೇ ದಿನದಲ್ಲಿ ಇಳಿಸಿದರೆ ಬರೀ 100. ಆಮೇಲೆ ದಿನಕ್ಕೆ 50ರಂತೆ ಕಳೆದುಕೊಳ್ಳುವುದು ಶುರು. ಎರಡು ದಿನದಲ್ಲಿ ಗಳಿಸಿದ್ದೆಲ್ಲ ಹೋಯಿತು. ಮೂರನೇ ದಿನದಿಂದ ಕೈಯಿಂದ ಹೋಗುವುದೇ.

ಮೊಬೈಲ್ ದರವನ್ನು ಯಾರೂ ಬಚ್ಚಿಡಲಾಗದು. ಆ್ಯಪಿನಲ್ಲಿ ಎಲ್ಲರಿಗೂ ಕಾಣುತ್ತದೆ, ಮಾರನೇ ದಿನವೇ ಉತ್ತರ ಕೊಡಬಹುದು. ಹಾಗಾಗಿ ಇಳಿಸಲು ಹೊರಟವರಿಗೆ ಈ ಲೆಕ್ಕ ಮೊದಲೇ ಗೊತ್ತು. ಯಾರ ಜೊತೆಗೂ ಮಾತಾಡದೆಯೇ, ಪ್ರತಿಯೊಬ್ಬರೂ ತಮ್ಮಷ್ಟಕ್ಕೆ ಯೋಚಿಸಿ ಸುಮ್ಮನಿರುತ್ತಾರೆ. ದರ ಗುಟ್ಟಾಗಿರುವ ಕಡೆ ಕಥೆ ಬೇರೆ. ದೊಡ್ಡ ಗಿರಾಕಿಗೆ ಮುಚ್ಚಿದ ಲಕೋಟೆಯಲ್ಲಿ ರಿಯಾಯಿತಿ ಕೊಟ್ಟರೆ ಎದುರಾಳಿಗೆ ತಿಳಿಯುವಷ್ಟರಲ್ಲಿ ತಿಂಗಳುಗಳೇ ಕಳೆದಿರುತ್ತವೆ. ಅಲ್ಲಿ ಈ ಮೌನ ಬೇಗ ಮುರಿಯುತ್ತದೆ.

ನನಗೆ ಇದರಲ್ಲಿ ಎಲ್ಲಕ್ಕಿಂತ ಸ್ವಾರಸ್ಯ ಎನಿಸುವುದು ಹೊಸಬರ ಲೆಕ್ಕ. ಹಳೇ ಕಂಪನಿ ದರ ಇಳಿಸಿದರೆ ತನ್ನ ಕೈಯಲ್ಲಿರುವ 30 ಗಿರಾಕಿಗಳಿಗೂ 50 ರೂಪಾಯಿ ಬಿಟ್ಟುಕೊಡಬೇಕು. ಅದೇ 1,500 ಖೋತಾ. ಒಬ್ಬ ಗಿರಾಕಿಯೂ ಇಲ್ಲದ ಹೊಸಬರಿಗೆ ಬಿಟ್ಟುಕೊಡಲು ಏನೂ ಇಲ್ಲ, ಬಂದವರೆಲ್ಲ ಲಾಭವೇ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದದ್ದು ಹಾಗೆ. 2017ರ ಮಾರ್ಚ್‌ವರೆಗೂ ಡೇಟಾ, ಕರೆ ಎಲ್ಲ ಉಚಿತ. ಹಳಬರೂ ದರ ಇಳಿಸಲೇಬೇಕಾಯಿತು. ಏರ್‌ಸೆಲ್ ದಿವಾಳಿಯಾಯಿತು. ವೊಡಾಫೋನ್ ಮತ್ತು ಐಡಿಯಾ 2018ರಲ್ಲಿ ಒಂದಾದವು. ಅಂದಿನ ಹೊಸಬರು ಈಗ ದೇಶದ ಅತಿ ದೊಡ್ಡ ಮೊಬೈಲ್ ಕಂಪನಿ. ಕೋಟಿಗಟ್ಟಲೆ ಗಿರಾಕಿಗಳಿದ್ದಾರೆ, ಈಗ ಬಿಟ್ಟುಕೊಡಬೇಕಾದದ್ದೂ ಅಷ್ಟೇ ದೊಡ್ಡದು. 2024ರಲ್ಲಿ ಮೊದಲು ದರ ಏರಿಸಿದ್ದು ಅವರೇ.

ಮೌನ ಎಂದರೆ ಪೈಪೋಟಿಯೇ ಇಲ್ಲ ಎಂದಲ್ಲ. ಸಿನಿಮಾ ಆ್ಯಪುಗಳ ಚಂದಾ, ಹೆಚ್ಚು ಡೇಟಾ, ನೆಟ್‌ವರ್ಕ್ ವೇಗ ಎಂದು ಜಗಳ ಬೇರೆ ಕಡೆ ಹೊರಳುತ್ತದೆ. ಟವರ್ ಹಾಕಲು ತಿಂಗಳುಗಳು ಬೇಕು. ದರದಂತೆ ಅದನ್ನು ಒಂದೇ ದಿನದಲ್ಲಿ ನಕಲು ಮಾಡಲಾಗದು.

ಇನ್ನು ಆ ಹೆಂಗಸಿನ ಪ್ರಶ್ನೆ. ಒಟ್ಟಿಗೆ ಕೂತು ದರ ನಿಗದಿ ಮಾಡಿದರೆ ಅದು ಕೂಟ. ನಮ್ಮ 2002ರ ಸ್ಪರ್ಧಾ ಕಾಯ್ದೆಯಲ್ಲಿ ಅದು ತಪ್ಪು. ಸಿಮೆಂಟ್ ಕಂಪನಿಗಳ ಮೇಲೆ ಸ್ಪರ್ಧಾ ಆಯೋಗ 2012ರಲ್ಲಿ 6,000 ಕೋಟಿಗೂ ಹೆಚ್ಚು ದಂಡ ಹಾಕಿತ್ತು. ಆದರೆ ಪಕ್ಕದವರ ದರ ನೋಡಿ ತಾನೂ ಏರಿಸುವುದು ಅಷ್ಟಕ್ಕೇ ತಪ್ಪಾಗದು. ಒಪ್ಪಂದ ಇತ್ತೆಂದು ತೋರಿಸಬೇಕು. ಗಿರಾಕಿಗೆ ಮಾತ್ರ ಎರಡೂ ಒಂದೇ ಥರ ಕಾಣುತ್ತವೆ, ಅವರ ಅನುಮಾನದಲ್ಲಿ ತಪ್ಪಿಲ್ಲ.

ಆ ಮಳೆಗಾಲದಲ್ಲಿ ಬಿಎಸ್ಎನ್ಎಲ್ ದರ ಏರಿಸಲಿಲ್ಲ. ಕೆಲವು ತಿಂಗಳು ಲಕ್ಷಾಂತರ ಜನ ಅತ್ತ ಹೋದರು. ಆದರೂ ಆ ಮೂರು ಕಂಪನಿಗಳು ಏರಿಸಿದ್ದನ್ನು ಹಿಂದೆ ತೆಗೆದುಕೊಳ್ಳಲಿಲ್ಲ. ಬಿಎಸ್ಎನ್ಎಲ್‌ನ 4ಜಿ ಆಗ ಬಹಳ ಕಡೆ ಇನ್ನೂ ಬಂದಿರಲಿಲ್ಲ. ದರ ಎಷ್ಟೇ ಕಡಿಮೆಯಿದ್ದರೂ, ಸಿಗ್ನಲ್ ಇಲ್ಲದ ಮನೆಯವರು ಅತ್ತ ಹೋಗಲಾರರಲ್ಲ.