ತೆಳುಗೋಡೆಯ ಮಿಲ್ಲಿಂಗ್‌ನಲ್ಲಿ ಚ್ಯಾಟರ್: ಸರಿಯಾದ ಆರ್‌ಪಿಎಂ ಹುಡುಕುವ ಬಗೆ

ಬಳ್ಳಾರಿ, ಕೊಪ್ಪಳ ಭಾಗದ ಮಷೀನ್ ಶಾಪ್‌ಗಳಿಗೆ ಬರುವ ಕೆಲಸದಲ್ಲಿ ಬಹುಪಾಲು ದಪ್ಪ ಉಕ್ಕು ಮತ್ತು ಎರಕದ ಕಬ್ಬಿಣದ್ದು. ಬೇರಿಂಗ್ ಹೌಸಿಂಗ್, ಕಪ್ಲಿಂಗ್, ಕನ್ವೇಯರ್ ರೋಲರ್‌ನ ಶಾಫ್ಟ್‌ಗಳಂಥ ಗಟ್ಟಿಮುಟ್ಟಾದ ಜಾಬ್‌ಗಳಲ್ಲಿ ಕಂಪನ ಬಂದರೆ ಅದು ಹೆಚ್ಚಾಗಿ ಟೂಲ್‌ನದ್ದು. ಟೂಲನ್ನು ಗಿಡ್ಡವಾಗಿ ಹಿಡಿದರೆ ಅಥವಾ ಕಟ್ ಕಡಿಮೆ ಮಾಡಿದರೆ ತೊಂದರೆ ನೀಗುತ್ತದೆ. ಆ ಅನುಭವವನ್ನೇ ತೆಳುವಾದ ಅಲ್ಯೂಮಿನಿಯಂ ಗೋಡೆಗೆ ಹಚ್ಚಿದಾಗ ಲೆಕ್ಕ ತಪ್ಪುತ್ತದೆ. ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿ ಬಣ್ಣ ನೋಡಿ ಅಕ್ಕಿ ಬೇರ್ಪಡಿಸುವ ಯಂತ್ರಗಳಿವೆಯಲ್ಲ, ಅಂಥದ್ದೊಂದರ ಕ್ಯಾಮೆರಾ ಕೂರಿಸುವ ಬ್ರ್ಯಾಕೆಟ್ ಮಾಡುವಾಗ ಕೊಪ್ಪಳದ ಬಳಿಯ ಒಂದು ಚಿಕ್ಕ ಶಾಪ್‌ನಲ್ಲಿ ಇದೇ ಆಯಿತು. ಆ ಒಂದು ಜಾಬ್‌ನ ಲೆಕ್ಕವನ್ನೇ ಇಲ್ಲಿ ಪೂರ್ತಿಯಾಗಿ ವಿವರಿಸುತ್ತೇನೆ.

ಜಾಬ್ 6061 ಅಲ್ಯೂಮಿನಿಯಂನದ್ದು. ತಳದಿಂದ ನೆಟ್ಟಗೆ ಏಳುವ ಒಂದು ಗೋಡೆ, ಎತ್ತರ 50 ಮಿಮೀ, ಕೊನೆಯ ದಪ್ಪ 2 ಮಿಮೀ. ಮೇಲಂಚೂ ಎರಡು ಬದಿಯ ತುದಿಗಳೂ ಯಾವುದಕ್ಕೂ ಅಂಟಿಕೊಂಡಿಲ್ಲ. ಯಂತ್ರ ಗರಿಷ್ಠ 8000 ಆರ್‌ಪಿಎಂನ ಸಾಮಾನ್ಯ ವಿಎಂಸಿ, ಟೂಲ್ 12 ಮಿಮೀ ವ್ಯಾಸದ ಮೂರು ಹಲ್ಲಿನ ಕಾರ್ಬೈಡ್ ಎಂಡ್ ಮಿಲ್. ರಫಿಂಗ್‌ನಲ್ಲಿ ಗೋಡೆಯನ್ನು 3 ಮಿಮೀ ದಪ್ಪಕ್ಕೆ ತಂದು, ಆಮೇಲೆ ಎರಡೂ ಮುಖಗಳಲ್ಲಿ ಅರ್ಧರ್ಧ ಮಿಮೀ ತೆಗೆಯುವುದು, ಪ್ರತಿ ಮುಖದಲ್ಲೂ ಮೇಲಿನಿಂದ 10 ಮಿಮೀ ಆಳದ ಹಂತಗಳಲ್ಲಿ ಇಳಿಯುವುದು ಪ್ರೋಗ್ರಾಂನ ಕ್ರಮವಾಗಿತ್ತು. 5500 ಆರ್‌ಪಿಎಂನಲ್ಲಿ ಮೊದಲ ಹಂತ ಶುರುವಾದ ಕೂಡಲೇ ಕಿವಿ ಸೀಳುವಂಥ ಸದ್ದು ಎದ್ದಿತು, ಗೋಡೆಯ ಮೇಲೆ ಓರೆಯಾದ ಗೀರುಗಳ ಸಾಲು ಮೂಡಿತು. “ಫೀಡ್ ಇಳಸ್ತೀನ್ರಿ ಸರ, ಸದ್ದು ನಿಲ್ಲತೈತಿ” ಎಂದು ಆಪರೇಟರ್ ಓವರ್‌ರೈಡ್ ಅನ್ನು ಅರ್ಧಕ್ಕೆ ತಂದರು. ಸದ್ದು ನಿಲ್ಲಲಿಲ್ಲ, ಗೀರುಗಳು ಮಾತ್ರ ಇನ್ನಷ್ಟು ಒತ್ತೊತ್ತಾದವು.

ಫೀಡ್ ಇಳಿಸಿದರೂ ಸದ್ದು ನಿಲ್ಲದಿರುವುದಕ್ಕೆ ಕಾರಣ ಈ ಕಂಪನ, ಅಂದರೆ ಚ್ಯಾಟರ್, ಹುಟ್ಟುವ ಬಗೆಯಲ್ಲೇ ಇದೆ. ಕತ್ತರಿಸುವಾಗ ಗೋಡೆ ಚೂರು ಅಲುಗಿದರೆ ಹಲ್ಲು ಬಿಟ್ಟುಹೋದ ಮೇಲ್ಮೈ ಸಪಾಟಾಗಿರದೆ ಸಣ್ಣ ಅಲೆಯಂತಿರುತ್ತದೆ. ಹಿಂದೆಯೇ ಬರುವ ಹಲ್ಲು ಆ ಅಲೆಯ ಮೇಲೆ ಕತ್ತರಿಸುತ್ತ ತಾನೂ ಒಂದು ಅಲೆ ಬಿಡುತ್ತದೆ. ಹಿಂದಿನ ಅಲೆಗೂ ಈಗಿನ ಅಲೆಗೂ ಉಬ್ಬುತಗ್ಗು ಹೊಂದದಿದ್ದರೆ ಚಿಪ್‌ನ ದಪ್ಪ ಒಂದೆಡೆ ಹೆಚ್ಚು, ಇನ್ನೊಂದೆಡೆ ಕಡಿಮೆಯಾಗಿ, ಕತ್ತರಿಸುವ ಬಲವೂ ಹಾಗೆಯೇ ಏರಿಳಿದು ಗೋಡೆಯನ್ನು ಮತ್ತಷ್ಟು ಅಲುಗಿಸುತ್ತದೆ. ಅದಿರಿನ ಲಾರಿಗಳು ಓಡಾಡುವ ಮಣ್ಣುದಾರಿಯಲ್ಲಿ ಒಂದು ಗಾಲಿ ಎಬ್ಬಿಸಿದ ಸಣ್ಣ ಉಬ್ಬು ಮುಂದಿನ ಗಾಲಿಯನ್ನು ಎತ್ತಿ ಹಾಕಿ, ದಾರಿಯುದ್ದಕ್ಕೂ ಸಾಲು ಸಾಲು ದಿಣ್ಣೆಗಳೇಳುವುದೂ ಹೀಗೆಯೇ. ಈ ಬೆಳವಣಿಗೆಯನ್ನು ನಿರ್ಧರಿಸುವುದು ಕಟ್‌ನ ಆಳ, ವಸ್ತುವಿನ ಗಡಸುತನ, ಗೋಡೆಯ ಬಿಗಿ ಮತ್ತು ಎರಡು ಅಲೆಗಳ ಹೊಂದಾಣಿಕೆ; ಅದರಲ್ಲಿ ಫೀಡ್‌ನ ಪಾತ್ರ ಬಹಳ ಚಿಕ್ಕದು. ಎರಡೂ ಅಲೆಗಳ ಉಬ್ಬು ಉಬ್ಬಿಗೆ, ತಗ್ಗು ತಗ್ಗಿಗೆ ಕೂಡಿಕೊಂಡರೆ ಗೋಡೆ ಅಲುಗಿದರೂ ಚಿಪ್‌ನ ದಪ್ಪ ಬದಲಾಗುವುದಿಲ್ಲ, ಆದ್ದರಿಂದ ಕಂಪನಕ್ಕೆ ಹೊಸ ಶಕ್ತಿ ಸಿಗುವುದಿಲ್ಲ. ಈ ಹೊಂದಾಣಿಕೆ ಒಂದು ಹಲ್ಲಿನ ಹಿಂದೆ ಇನ್ನೊಂದು ಹಲ್ಲು ಎಷ್ಟು ಹೊತ್ತಿಗೆ ಬರುತ್ತದೆ ಎಂಬುದರ ಮೇಲೆ ನಿಂತಿದೆ, ಅದನ್ನು ತೀರ್ಮಾನಿಸುವುದು ಸ್ಪಿಂಡಲ್‌ನ ವೇಗ.

ಹಾಗಾದರೆ ಮೊದಲು ತಿಳಿಯಬೇಕಾದದ್ದು ಗೋಡೆ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತಿದೆ ಎಂಬುದು. ಇದಕ್ಕೆ ದುಬಾರಿ ಉಪಕರಣವೇ ಬೇಕೆಂದಿಲ್ಲ. ಸದ್ದಿನ ಆವರ್ತನಗಳನ್ನು ಪಟ್ಟಿಯಾಗಿ ತೋರಿಸುವ ಯಾವುದಾದರೂ ಮೊಬೈಲ್ ಆ್ಯಪ್ ಸಾಕು. ನಾವು ಕಟ್ ನಡೆಯುವಾಗಲೇ ಕೆಲವು ಸೆಕೆಂಡ್ ಧ್ವನಿ ಹಿಡಿದೆವು. 5500 ಆರ್‌ಪಿಎಂನಲ್ಲಿ ಮೂರು ಹಲ್ಲುಗಳು ಸೆಕೆಂಡಿಗೆ 275 ಸಲ ಹೊಡೆಯುತ್ತವೆ, ಆದ್ದರಿಂದ 275, 550, 825, 1100 ಹರ್ಟ್ಜ್‌ಗಳಲ್ಲಿ ಗೆರೆಗಳು ಕಾಣುವುದು ಸಹಜ. ಅವುಗಳಿಗಿಂತ ಬಹಳ ಎತ್ತರವಾದ ಇನ್ನೊಂದು ಗೆರೆ 1035ರಲ್ಲಿ ನಿಂತಿತ್ತು. ಅದು 275ರ ಗುಣಕವೂ ಅಲ್ಲ, ಸ್ಪಿಂಡಲ್ ಸುತ್ತಿನ ಗುಣಕವೂ ಅಲ್ಲ. ಹಲ್ಲಿನ ಹೊಡೆತಕ್ಕೆ ಹೊಂದದ ಇಂಥ ಒಂಟಿ ಗೆರೆಯೇ ಚ್ಯಾಟರ್‌ನ ಗುರುತು. ರನ್‌ಔಟ್‌ನಿಂದಲೋ ಹಲ್ಲಿನ ಹೊಡೆತದಿಂದಲೋ ಬರುವ ಬಲವಂತದ ಕಂಪನವಾಗಿದ್ದರೆ ಅದು ಗುಣಕಗಳ ಮೇಲೆಯೇ ಕೂರುತ್ತಿತ್ತು, ಆರ್‌ಪಿಎಂ ಬದಲಿಸಿದಂತೆ ತಾನೂ ಸರಿಯುತ್ತಿತ್ತು.

ಅಲುಗುತ್ತಿರುವುದು ಟೂಲೋ ಗೋಡೆಯೋ ಎಂಬ ಪ್ರಶ್ನೆ ಉಳಿಯುತ್ತದೆ. ಸ್ಪಿಂಡಲ್ ನಿಲ್ಲಿಸಿ, ಸ್ಕ್ರೂಡ್ರೈವರ್‌ನ ಪ್ಲಾಸ್ಟಿಕ್ ಹಿಡಿಯಿಂದ ಗೋಡೆಯ ಮೇಲಂಚನ್ನು ತಟ್ಟಿ ಅದೇ ಆ್ಯಪ್‌ನಲ್ಲಿ ನೋಡಿದಾಗ ಸುಮಾರು 1000 ಹರ್ಟ್ಜ್ ಕಂಡಿತು. ಟೂಲನ್ನು ತಟ್ಟಿದರೆ ಆ ಜಾಗದಲ್ಲಿ ಏನೂ ಕಾಣಲಿಲ್ಲ. ಗೋಡೆಯ ಹಿಂಬದಿಗೆ ಮಕ್ಕಳು ಆಡುವ ಬಣ್ಣದ ಕ್ಲೇಯನ್ನು ದಪ್ಪಗೆ ಮೆತ್ತಿ ಕಟ್ ಮಾಡಿದಾಗ ಸದ್ದು ಬದಲಾದರೆ ಅದರಿಂದಲೂ ಗೋಡೆಯೇ ಕಾರಣವೆಂದು ತಿಳಿಯುತ್ತದೆ. ನನಗೆ ಈ ಪರೀಕ್ಷೆಯ ಮೇಲೆ ತಟ್ಟುವುದಕ್ಕಿಂತ ಹೆಚ್ಚು ನಂಬಿಕೆ. ಕಟ್ ನಡೆಯುವಾಗಿನ ಚ್ಯಾಟರ್ ಆವರ್ತನ ತಟ್ಟಿದಾಗ ಸಿಗುವ ಸಹಜ ಆವರ್ತನಕ್ಕಿಂತ ತುಸು ಮೇಲಿರುವುದು ವಾಡಿಕೆ, ಇಲ್ಲಿಯೂ ಹಾಗೆಯೇ ಇತ್ತು.

ಮುಂದಿನದು ಸರಳ ಲೆಕ್ಕ. ಒಂದು ಹಲ್ಲು ಹೋಗಿ ಇನ್ನೊಂದು ಬರುವಷ್ಟರಲ್ಲಿ ಗೋಡೆ ಪೂರ್ಣಸಂಖ್ಯೆಯಷ್ಟು ಸಲ ಕಂಪಿಸಿ ಮುಗಿಸಿದರೆ ಅಲೆಗಳು ಕೂಡಿಕೊಳ್ಳುತ್ತವೆ.

```
n = 60 × f / (N × k)
```

ಇಲ್ಲಿ n ಸ್ಪಿಂಡಲ್‌ನ ಆರ್‌ಪಿಎಂ, f ಹರ್ಟ್ಜ್‌ನಲ್ಲಿ ಆವರ್ತನ, N ಹಲ್ಲುಗಳ ಸಂಖ್ಯೆ, k ಎಂದರೆ 1, 2, 3 ಹೀಗೆ ಯಾವುದಾದರೂ ಪೂರ್ಣಸಂಖ್ಯೆ. 5500ರಲ್ಲಿ 1035 ಅನ್ನು 275ರಿಂದ ಭಾಗಿಸಿದರೆ 3.76 ಬರುತ್ತದೆ. ಭಿನ್ನಭಾಗ ಮುಕ್ಕಾಲಿನ ಹತ್ತಿರ ಇರುವಾಗಲೇ ಕಟ್ ಅತಿ ಅಸ್ಥಿರ, ಅಂದರೆ ಇದ್ದುದರಲ್ಲಿ ಕೆಟ್ಟ ವೇಗವೇ ನಮಗೆ ಸಿಕ್ಕಿತ್ತು. 1035ಕ್ಕೆ k ಅನ್ನು 2 ಇಟ್ಟರೆ 10350 ಆರ್‌ಪಿಎಂ ಬೇಕು, ಯಂತ್ರಕ್ಕೆ ಆಗದು. 3 ಇಟ್ಟರೆ 6900. 4 ಇಟ್ಟರೆ 5175. k ಚಿಕ್ಕದಾದಷ್ಟೂ ಸ್ಥಿರ ವೇಗದ ಪಟ್ಟಿ ಅಗಲ, ಆಳವಾಗಿ ಕತ್ತರಿಸಲೂ ಅವಕಾಶ ಹೆಚ್ಚು. ಆದ್ದರಿಂದ 6900ರ ಸುತ್ತಮುತ್ತಲೇ ಹುಡುಕಬೇಕು.

ಸುತ್ತಮುತ್ತ ಎಂದದ್ದಕ್ಕೆ ಕಾರಣವಿದೆ. ಅತಿ ಸ್ಥಿರವಾದ ವೇಗ ಕೂರುವುದು ಚ್ಯಾಟರ್ ಆವರ್ತನಕ್ಕಲ್ಲ, ಸಹಜ ಆವರ್ತನಕ್ಕೆ ಹತ್ತಿರ. 1000 ಹರ್ಟ್ಜ್ ಇಟ್ಟು ಲೆಕ್ಕ ಹಾಕಿದರೆ 6667 ಬರುತ್ತದೆ. ಈ ತುತ್ತತುದಿಯಿಂದ ವೇಗವನ್ನು ಏರಿಸುತ್ತ ಹೋದರೆ ಸ್ಥಿರತೆ ಥಟ್ಟನೆ ಕುಸಿಯುತ್ತದೆ, ಇಳಿಸುತ್ತ ಬಂದರೆ ನಿಧಾನವಾಗಿ ಕಡಿಮೆಯಾಗುತ್ತದೆ. ಅನುಮಾನವಿದ್ದರೆ ಕೆಳಗಿನ ಬದಿಯೇ ಕ್ಷೇಮ. ನಾವು 6900ರವರೆಗೆ ಹೋಗದೆ, 6667ಕ್ಕೆ ಹತ್ತಿರದ 6700 ಆರಿಸಿ, ಹಲ್ಲೊಂದಕ್ಕೆ 0.06 ಮಿಮೀ ಫೀಡ್ ಹಾಗೆಯೇ ಇರಲೆಂದು ಟೇಬಲ್ ಫೀಡನ್ನೂ ಏರಿಸಿದೆವು:

```
S6700 M03
F1206
```

ಗದ್ದಲ ನಿಂತು ಹಲ್ಲಿನ ಹೊಡೆತದ ಸಮನಾದ ಗುಂಯ್‌ಗುಡುವಿಕೆ ಮಾತ್ರ ಉಳಿಯಿತು, 1035ರ ಗೆರೆ ಮಾಯವಾಯಿತು. ಕಟ್ ಮೊದಲಿಗಿಂತ ವೇಗವಾಗಿಯೂ ಸಾಗಿತು. ವೇಗ ಏರಿಸಿದರೆ ಸದ್ದು ತಗ್ಗುತ್ತದೆ ಎಂಬುದನ್ನು ಆಪರೇಟರ್ ನಂಬಲು ಇಂಥ ಒಂದು ಕಟ್ ಕಣ್ಣಾರೆ ನೋಡಬೇಕು.

ಮೊದಲ ಮುಖ ಮುಗಿಸಿ ಎರಡನೆಯ ಮುಖಕ್ಕೆ ಹೋದಾಗ ಸದ್ದು ಮರಳಿತು, ಈ ಸಲ 860 ಹರ್ಟ್ಜ್‌ನಲ್ಲಿ. ತಳದಲ್ಲಿ ಮಾತ್ರ ಹಿಡಿತವಿರುವ ಗೋಡೆಯ ಆವರ್ತನ ಅದರ ದಪ್ಪಕ್ಕೆ ನೇರ ಅನುಪಾತದಲ್ಲಿ, ಎತ್ತರದ ವರ್ಗಕ್ಕೆ ವಿಲೋಮದಲ್ಲಿ ಬದಲಾಗುತ್ತದೆ. ಗೋಡೆ ಈಗ 2.5 ಮಿಮೀ ಆಗಿದ್ದರಿಂದ ಸಹಜ ಆವರ್ತನ ಸುಮಾರು 833ಕ್ಕೆ ಇಳಿದಿತ್ತು, 6700 ಅದಕ್ಕೆ ಹೊಂದುತ್ತಿರಲಿಲ್ಲ. ಅದೇ ಸೂತ್ರದಲ್ಲಿ k ಅನ್ನು 3 ಇಟ್ಟರೆ ಸುಮಾರು 5550 ಬರುತ್ತದೆ. ಬೆಳಿಗ್ಗೆ ಗೋಡೆಯನ್ನು ಕಿರುಚಿಸಿದ 5500 ಆರ್‌ಪಿಎಂ ಈಗ ಸರಿಯಾದ ವೇಗ! ತೆಳುಗೋಡೆಗೆ ಒಂದೇ ಒಳ್ಳೆಯ ಆರ್‌ಪಿಎಂ ಎಂಬುದಿಲ್ಲ, ದಪ್ಪ ಬದಲಾದಂತೆ ಅದೂ ಜಾರುತ್ತದೆ.

ಮುಖ ಬದಲಿಸಿದಾಗಲೆಲ್ಲ ವೇಗ ಹುಡುಕುವ ಬದಲು ಕತ್ತರಿಸುವ ಕ್ರಮವನ್ನೇ ಬದಲಿಸುವುದು ನನಗೆ ಹೆಚ್ಚು ಸರಿ ಕಾಣುತ್ತದೆ. ಮೇಲಿನ 10 ಮಿಮೀಯನ್ನು ಎರಡೂ ಮುಖಗಳಲ್ಲಿ ಮುಗಿಸಿ, ಬಳಿಕ ಕೆಳಗಿನ 10 ಮಿಮೀಗೆ ಇಳಿದು ಮತ್ತೆ ಎರಡೂ ಮುಖ ಮುಗಿಸುವುದು. ಹೀಗೆ ಮಾಡಿದರೆ ಟೂಲ್ ಕತ್ತರಿಸುವ ಜಾಗದ ಕೆಳಗೆ ಯಾವಾಗಲೂ 3 ಮಿಮೀ ದಪ್ಪದ ಆಸರೆ ಇರುತ್ತದೆ. ತುದಿಯ ತೂಕ ಇಳಿಯುವುದರಿಂದ ಆವರ್ತನ ಮೊದಮೊದಲು ತಗ್ಗುವ ಬದಲು ತುಸು ಏರುತ್ತದೆ. ಕೊನೆಯ ಹಂತಗಳಲ್ಲಿ ಅದು ಇಳಿದರೂ ಆಗ ಟೂಲ್ ತಳದ ಸಮೀಪವಿರುತ್ತದೆ, ಅಲ್ಲಿ ಗೋಡೆ ಅಲುಗುವುದೇ ಕಡಿಮೆ. ಮುಂದಿನ ಬ್ರ್ಯಾಕೆಟ್‌ಗಳನ್ನು ಈ ಕ್ರಮದಲ್ಲಿ, ಎಲ್ಲ ಹಂತಕ್ಕೂ 6700 ಇಟ್ಟೇ ಮಾಡಲಾಯಿತು. ಶ್ಯಾಂಕ್ ಮುಗಿದ ಗೋಡೆಗೆ ತಿಕ್ಕದಂತೆ ಕುತ್ತಿಗೆ ಸಣ್ಣದಾದ ಟೂಲ್ ಬೇಕಾಯಿತು, ಅಷ್ಟೆ.

ಸದ್ದು ನಿಂತಿತೆಂದು ಮೈಕ್ರೋಮೀಟರ್ ಪಕ್ಕಕ್ಕಿಡಬಾರದು. ಹಲ್ಲಿನ ಹೊಡೆತದ ಗುಣಕವೊಂದು ಗೋಡೆಯ ಸಹಜ ಆವರ್ತನಕ್ಕೆ ಸರಿಯಾಗಿ ಬಂದು ಕೂರುವ ವೇಗವನ್ನೇ ನಾವು ಆರಿಸಿದ್ದೇವೆ, ಅಂದರೆ ಅದು ಅನುರಣನದ ವೇಗವೂ ಹೌದು. ಆಗ ಕಂಪನ ಬೆಳೆಯುವುದಿಲ್ಲವಾದರೂ ಪ್ರತಿ ಹೊಡೆತಕ್ಕೂ ಗೋಡೆ ಒಂದೇ ರೀತಿ ಬಾಗುತ್ತದೆ, ಮೇಲ್ಮೈ ಕನ್ನಡಿಯಂತೆ ನುಣುಪಾಗಿದ್ದೂ ದಪ್ಪದ ಅಳತೆ ತಪ್ಪುತ್ತದೆ. ಈ ತಪ್ಪು ಅನುರಣನದ ಒಂದು ಬದಿಯಲ್ಲಿ ಹೆಚ್ಚಾಗಿ ಕೊರೆದಂತೆ, ಇನ್ನೊಂದು ಬದಿಯಲ್ಲಿ ಲೋಹ ಉಳಿದಂತೆ ಕಾಣಿಸಬಹುದು. ರಫಿಂಗ್‌ಗೆ ಇದು ಲೆಕ್ಕಕ್ಕಿಲ್ಲ. ಫಿನಿಶಿಂಗ್‌ಗೆ ಮಾತ್ರ ಮೇಲಂಚಿನ ದಪ್ಪವನ್ನೂ ತಳದ ದಪ್ಪವನ್ನೂ ಅಳೆದು, ವ್ಯತ್ಯಾಸ ಹೆಚ್ಚಿದ್ದರೆ ವೇಗವನ್ನು ಶೇ. 2–3ರಷ್ಟು ಕೆಳಗೆ ಸರಿಸಿ ಮತ್ತೊಮ್ಮೆ ಅಳೆದು ನೋಡಬೇಕು.

ಈ ವಿಧಾನ ಎಲ್ಲ ಕಡೆಗೂ ನಡೆಯುವುದಿಲ್ಲ. ಉಕ್ಕಿನ ತೆಳುಗೋಡೆಗೆ ನಿಮಿಷಕ್ಕೆ 100 ಮೀಟರ್ ಕಟಿಂಗ್ ಸ್ಪೀಡ್ ಇಟ್ಟರೆ 12 ಮಿಮೀ ಟೂಲ್ ತಿರುಗುವುದು ಸುಮಾರು 2650 ಆರ್‌ಪಿಎಂನಲ್ಲಿ. ನಾಲ್ಕು ಹಲ್ಲಿದ್ದರೂ ಹೊಡೆತ ಸೆಕೆಂಡಿಗೆ 177. ಗೋಡೆಯ ಆವರ್ತನ 1000 ಇದ್ದರೆ k ಐದಾರರ ಆಸುಪಾಸು ಬೀಳುತ್ತದೆ. ಅಲ್ಲಿ ಸ್ಥಿರ ವೇಗದ ಪಟ್ಟಿಗಳು ಎಷ್ಟು ಕಿರಿದೆಂದರೆ ಒಂದರಿಂದ ಇನ್ನೊಂದಕ್ಕೆ ಹಾರಿದರೂ ಹೆಚ್ಚಿನ ಲಾಭ ಸಿಗುವುದಿಲ್ಲ, k ಹತ್ತನ್ನು ತಲುಪಿದರೆ ಪಟ್ಟಿಯೇ ಇಲ್ಲವೆನ್ನಬಹುದು. ಅಂಥ ಜಾಬ್‌ಗೆ ಹಲ್ಲುಗಳ ನಡುವಿನ ಅಂತರ ಅಸಮವಾಗಿರುವ ಎಂಡ್ ಮಿಲ್ ತರಿಸುವುದು, ಗೋಡೆಯ ಹಿಂದೆ ಮೇಣ ಅಥವಾ ಪ್ಲಾಸ್ಟರ್ ತುಂಬಿ ಆಸರೆ ಕೊಡುವುದು, ಇಲ್ಲವೇ ಕಟಿಂಗ್ ಸ್ಪೀಡನ್ನೇ ತೀರ ಇಳಿಸುವುದು ದಾರಿ. ವೇಗ ಅಷ್ಟು ಇಳಿದಾಗ ಅಲೆಗಳು ಬಹಳ ಗಿಡ್ಡವಾಗಿ, ಟೂಲ್‌ನ ಹಿಂಬದಿ ಅವುಗಳಿಗೆ ಉಜ್ಜಿಕೊಂಡು ಕಂಪನವನ್ನು ತಡೆಯುತ್ತದೆ. ಅಲ್ಯೂಮಿನಿಯಂನಲ್ಲಿ ಮಾತ್ರ ಕೊನೆಯ ದಾರಿ ಹಿಡಿಯಬೇಡಿ. 1000 ಹರ್ಟ್ಜ್‌ನಲ್ಲಿ ಅಲೆ ಅರ್ಧ ಮಿಮೀಗೆ ಇಳಿಯಬೇಕಾದರೆ 12 ಮಿಮೀ ಟೂಲನ್ನು ಸುಮಾರು 800 ಆರ್‌ಪಿಎಂನಲ್ಲಿ ಓಡಿಸಬೇಕಾಗುತ್ತದೆ, ಅಷ್ಟು ನಿಧಾನಕ್ಕೆ ಅಲ್ಯೂಮಿನಿಯಂ ಟೂಲ್‌ನ ಅಂಚಿಗೆ ಅಂಟಿಕೊಳ್ಳಲು ಶುರುವಾಗುತ್ತದೆ.